ಮೇನ್‌ನಲ್ಲಿ ಉಳಿದ ಹೆಸರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಪುಶ್ಶಕ್ಕ ಎನ್ನುತ್ತಿದ್ದರು. ಹೊಸದಾಗಿ ಸೇರಿದವರು ಇದೇನೋ ಅಕ್ಕರೆಯ ಹೆಸರಿರಬೇಕು ಎಂದುಕೊಂಡು ತಾವೂ ಹಾಗೇ ಕರೆಯುತ್ತಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳ ಹೊಟ್ಟೆಯೊಳಗೆ ಒಂದು ಕೆಂಡ ಮಗ್ಗುಲು ಬದಲಿಸುತ್ತಿತ್ತು ಎನ್ನುವುದು ಮನೆಯಲ್ಲಿದ್ದ ಅತ್ತೆಯನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಅವರ ಕಂಪನಿ ಔಷಧಿ ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು. ಲಸಿಕೆ, ಇನ್ಸುಲಿನ್, ರಕ್ತದ ಚೀಲ, ಹೀಗೆ ತಣ್ಣಗೇ ಇರಬೇಕಾದ ಸಾಮಾನು ತುಂಬಿದ ದೊಡ್ಡ ದೊಡ್ಡ ಫ್ರಿಜ್‌ಗಳು. ಒಳಗೆ ಬಿಸಿ ಏರಿದರೆ, ಅಥವಾ ಯಾರಾದರೂ ಬಾಗಿಲು ಹಾಕದೆ ಹೋದರೆ, ಗೋದಾಮಿನವರ ಫೋನು ಬಡಿದುಕೊಳ್ಳಬೇಕು. ಅಲಾರಂ ಹೊಡೆಯುವ ಆ ಬುದ್ಧಿಯನ್ನು ಬರೆಯುವುದು ಇವರ ಕೆಲಸ. ಒಬ್ಬೊಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬರೆದು, ಮಾಡಿದ ಬದಲಾವಣೆಯನ್ನು ಒಂದು ಗಂಟು ಕಟ್ಟಿ ಹೆಸರು ಹಾಕುತ್ತಾರೆ, ಅದು ಕಮಿಟ್. ಆ ಗಂಟನ್ನು ಎಲ್ಲರಿಗೂ ಸೇರಿದ ಸರ್ವರಿಗೆ ಕಳಿಸುವುದು ಪುಶ್. ಎಲ್ಲರ ಕೆಲಸವೂ ಕೊನೆಗೆ ಬಂದು ಸೇರುವ ಹೆದ್ದಾರಿಗೆ ಮೇನ್ ಬ್ರ್ಯಾಂಚ್ ಎಂದು ಹೆಸರು. ಮೇನ್‌ಗೆ ಸೇರಿದ್ದು ಸಂಜೆಯ ಹೊತ್ತಿಗೆ ಗೋದಾಮುಗಳಿಗೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಗಂಡ ಗೂಡ್ಸ್ ರೈಲಿನ ಗಾರ್ಡು. ಬೇಕಾದಾಗ ಮನೆಯಲ್ಲಿರುವ ಉದ್ಯೋಗವಲ್ಲ ಅದು. ಆಪರೇಷನ್ನಿಗೆ ಇವಳೇ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತಳು. ಹೋಗುವ ಮೊದಲು, ತಿಂಗಳುಗಟ್ಟಲೆ ಮೈ ಮುರಿದು ಮಾಡಿದ್ದ ಕೆಲಸವನ್ನು ಮೇನ್‌ಗೆ ಸೇರಿಸಿ, ಪುಶ್ ಮಾಡಿ, ಎರಡೆರಡು ಸಲ ನೋಡಿಯೇ ಹೊರಟಿದ್ದಳು. ವಿದ್ಯುತ್ ಹೋದಾಗಲೂ ಅಲಾರಂ ತಪ್ಪದಂತೆ ನೋಡಿಕೊಳ್ಳುವ ಭಾಗ ಅದು. ದೊಡ್ಡ ಗಿರಾಕಿಯೊಬ್ಬರಿಗೆ ಅದನ್ನೇ ತೋರಿಸಬೇಕಿತ್ತು.

ತೋರಿಸುವ ದಿನ ಅದು ಅಲ್ಲಿರಲೇ ಇಲ್ಲ. ಗಿರಾಕಿಯ ಮುಂದೆ ಪ್ಲಗ್ ಕಿತ್ತರು. ಅಲಾರಂ ತುಟಿ ಬಿಚ್ಚಲಿಲ್ಲ.

ಅವಳು ವಾಪಸು ಬಂದಾಗ ಎಲ್ಲರೂ ಸೇರಿದ್ದ ಕೋಣೆಯಲ್ಲಿ ಅವಳಿಗಾಗಿ ಒಂದು ಕುರ್ಚಿ ಖಾಲಿ ಇಟ್ಟಿದ್ದರು. ಅವಳ ಜೊತೆಗೇ ಕೆಲಸಕ್ಕೆ ಸೇರಿದವನೊಬ್ಬನಿದ್ದ. ಬಿಳಿ ಅಂಗಿಯ ಇಸ್ತ್ರಿ ಮುರಿಯದಂತೆ ಕೂರುವವನು, ಮಾತಿನಲ್ಲಿ ಮಹಾ ಗತ್ತು. ಹಾಗಾಗಿ ಅವನಿಗೆ ದೊರೆ ಎಂದೇ ಹೆಸರು. ಅವನು ಪರದೆಯ ಮೇಲೆ ಮೇನ್‌ನ ಚರಿತ್ರೆಯನ್ನು ತೆಗೆದು, ಮೇಲಿನಿಂದ ಕೆಳಗಿನವರೆಗೆ ಎಳೆದು ತೋರಿಸಿದ.

"ನೋಡಿ, ಎಲ್ಲೂ ಇಲ್ಲ."

"ನಾನು ಪುಶ್ ಮಾಡಿದ್ದೆ," ಎಂದಳು ಅವಳು. ತನ್ನ ಲ್ಯಾಪ್‌ಟಾಪ್ ತೆರೆದು ಕಮಿಟ್‌ಗಳನ್ನು ತೋರಿಸಿದಳು. ಅವು ಅಲ್ಲಿದ್ದವು, ಅವಳ ಹೆಸರು, ತಾರೀಖು ಸಮೇತ.

ದೊರೆ ತಾಳ್ಮೆಯಿಂದ, ಮಗುವಿಗೆ ತುತ್ತು ಇಡುವವನ ಹಾಗೆ ಹೇಳಿದ: "ನಿನ್ನ ಮೆಷಿನ್‌ನಲ್ಲಿ ಇದ್ರೆ ಏನು ಬಂತು? ಕಮಿಟ್ ಮಾಡಿದ್ರೆ ಸಾಲದು ತಾಯಿ, ಪುಶ್ ಮಾಡಬೇಕು. ಮನೆ ಚಿಂತೆಯಲ್ಲಿ ಮರೆತಿದ್ದೀಯ. ಆಗುತ್ತೆ."

ಕೋಣೆ ನಕ್ಕಿತು. ಅವನ 'ಆಗುತ್ತೆ' ಎಂಬ ಆ ದಯೆಯೇ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಪುಶ್ ಮಾಡಿದ್ದಕ್ಕೆ ಅವಳ ಬಳಿ ಪುರಾವೆ ಇರಲಿಲ್ಲ. ಆಗ ಕಂಪನಿಯಲ್ಲಿದ್ದದ್ದು ಹಳೆಯ ಕಾಲದ ಸರ್ವರು. ಯಾರು ಯಾವಾಗ ಏನು ಕಳಿಸಿದರು ಎಂದು ಅದು ನೆನಪಿಡುತ್ತಿರಲಿಲ್ಲ. ಅಂದಿನಿಂದ ಅವಳು ಎಂಟರ್ ಒತ್ತಿದರೂ ಸಾಕು, ಯಾರಾದರೊಬ್ಬರು "ಪುಶ್ ಮಾಡಿದ್ಯಾ ಅಕ್ಕಾ?" ಎನ್ನುತ್ತಿದ್ದರು. ಅದು ಸವೆದು ಸವೆದು ಪುಶ್ಶಕ್ಕ ಆಯಿತು. ಆ ವರ್ಷ ತಂಡದ ಲೀಡ್ ಪಟ್ಟ ಅವಳಿಗೆ ಬರಬೇಕಿತ್ತು, ದೊರೆಗೆ ಹೋಯಿತು. ಅವಳು ಬರೆದದ್ದೆಲ್ಲ ಅವನ ಕಣ್ಣಡಿ ದಾಟಿಯೇ ಮುಂದೆ ಹೋಗಬೇಕೆಂದು ಕಟ್ಟಳೆಯೂ ಆಯಿತು.

ನಿಜ ಗೊತ್ತಾದದ್ದು ವರ್ಷ ಕಳೆದ ಮೇಲೆ, ಆಫೀಸಿನ ಮೆಟ್ಟಿಲ ಮೇಲೆ. ತಂಡದಲ್ಲಿ ಗಡ್ಡದವನೊಬ್ಬನಿದ್ದ, ಒಳ್ಳೆಯ ಕೆಲಸಗಾರ, ಪುಕ್ಕಲ. ಲಿಫ್ಟ್ ಕೆಟ್ಟ ದಿನ ಇಬ್ಬರೂ ಏದುಸಿರು ಬಿಡುತ್ತ ಹತ್ತುವಾಗ ಅವನು ಇದ್ದಕ್ಕಿದ್ದಂತೆ ನಿಂತು ಬಾಯಿಬಿಟ್ಟ.

"ಅಕ್ಕಾ, ನಿಮ್ಮ ಕಮಿಟ್‌ಗಳು ಮೇನ್‌ನಲ್ಲಿ ಇದ್ದವು. ನಾನು ನೋಡಿದ್ದೆ. ಅವುಗಳ ಕೆಳಗೆ ದೊರೆ ಯಾವುದೋ ತಪ್ಪು ಕಮಿಟ್ ಹಾಕಿದ್ದ. ಅದನ್ನ ಮುಚ್ಕೊಳ್ಳೋಕೆ ಮೇನ್ ಅನ್ನು ಆ ತಪ್ಪಿಗಿಂತ ಹಿಂದಕ್ಕೆ ರಿಸೆಟ್ ಮಾಡಿ, ಫೋರ್ಸ್ ಪುಶ್ ಮಾಡಿ ಸರ್ವರಿನಲ್ಲಿದ್ದದ್ದರ ಮೇಲೇ ಬಲವಂತವಾಗಿ ಕೂರಿಸಿಬಿಟ್ಟ. ಅವನ ತಪ್ಪಿನ ಜೊತೆ ನಿಮ್ಮದೂ ಗುಡಿಸಿ ಹೋಯ್ತು. ನಾನು ಸರ್ವರಿನಿಂದ ಫೆಚ್ ಮಾಡಿ ತರಿಸಿಕೊಂಡಾಗ ಮೇನ್ ಪಕ್ಕದಲ್ಲಿ ಫೋರ್ಸ್ಡ್ ಅಪ್‌ಡೇಟ್ ಅಂತ ಬಂದಿತ್ತು."

"ಆವತ್ತು ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಈಗ ತೋರಿಸೋಕೆ ಏನಾದ್ರೂ ಉಳಿದಿದೆಯಾ?"

ಅವನು ತಲೆ ಅಲ್ಲಾಡಿಸಿದ. ಯಾವ ಬ್ರ್ಯಾಂಚಿಗೂ ಸೇರದೆ ಬಿಟ್ಟುಬಿದ್ದ ಕಮಿಟ್‌ಗಳನ್ನು ಈ ಗಂಟುಗಳ ಲೆಕ್ಕ ಇಡುವ ಗಿಟ್ ಎಂಬ ತಂತ್ರಾಂಶ ಸ್ವಲ್ಪ ಕಾಲ ಇಟ್ಟುಕೊಂಡು ಆಮೇಲೆ ಗುಡಿಸಿ ಹಾಕುತ್ತದೆ. ಅವನ ಕಂಪ್ಯೂಟರಿನಲ್ಲಿದ್ದ ಜಾಡೂ ಹಾಗೇ ಅಳಿದುಹೋಗಿತ್ತು.

ಆ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಅತ್ತೆಗೆ ಹೇಳಿದಳು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತರಾದವರು. ಯಾರು ಯಾರಿಗೆ ಏನು ಅಂದರು ಎನ್ನುವುದನ್ನು ಒಮ್ಮೆ ಕೇಳಿಸಿಕೊಂಡರೆ ಸಾಯುವ ತನಕ ಬಿಡುವವರಲ್ಲ. ಮದುವೆ ಮನೆಯಲ್ಲಿ ತಮ್ಮ ಓರಗಿತ್ತಿ ಅಂದ ಒಂದು ಮಾತಿಗಾಗಿ ಅವಳ ಮನೆಯ ಬೀದಿಯಲ್ಲೇ ಕಾಲಿಡದೆ ಸುತ್ತಿ ಬಳಸಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಅವರು ಎಲ್ಲವನ್ನೂ ಕೇಳಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ನನ್ನ ಸೊಂಟದ ನೆಪ ಹೇಳಿ ನಿನ್ನ ಮುಖಕ್ಕೆ ಮಸಿ ಬಳಿದನಾ?" ಎಂದರು. ಆಮೇಲೆ, "ಬಿಡಬೇಡ ಕಣೇ ಅವನ್ನ. ಈಗ ಏನೂ ಮಾಡಬೇಡ. ಬಿಡಲೂ ಬೇಡ," ಎಂದರು.

ಅವಳು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದಳು. ಕಂಪನಿ ಹೊಸ ಸರ್ವರಿಗೆ ಬದಲಾಯಿಸುವಾಗ, ಆ ಹೊರೆಯನ್ನು ಯಾರೂ ಹೊರಲು ಮುಂದೆ ಬರದಿದ್ದಾಗ, ತಾನೇ ಕೈ ಎತ್ತಿದಳು. ಗೋದಾಮುಗಳಿಗೆ ಹೋಗುವ ಬಿಡುಗಡೆಯ ಉಸ್ತುವಾರಿ ಅವಳ ಪಾಲಿಗೆ ಬಂತು. ಮೊದಲ ವಾರದಲ್ಲೇ ಎರಡು ಕೆಲಸ ಮಾಡಿದಳು. ಯಾರು ಏನು ಪುಶ್ ಮಾಡಿದರೂ ಸರ್ವರು ಅದನ್ನು ಗುರುತಿಟ್ಟುಕೊಳ್ಳುವಂತೆ ಮಾಡಿದಳು. ಮೇನ್‌ಗೆ ಫೋರ್ಸ್ ಪುಶ್ ಆಗದಂತೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಹತ್ತಿರ, ವಿಭಾಗದ ಮುಖ್ಯಸ್ಥೆಯಾದ ಮೇಡಂ ಹತ್ತಿರ ಮಾತ್ರ ಇಟ್ಟಳು. ಮೇನ್‌ಗೆ ಯಾರೂ ನೇರವಾಗಿ ಪುಶ್ ಮಾಡಬಾರದು, ಅದರಿಂದ ಕವಲೊಡೆದ ಬೇರೆ ಬ್ರ್ಯಾಂಚಿನಲ್ಲಿ ಬರೆದು ಇನ್ನೊಬ್ಬರಿಗೆ ತೋರಿಸಿಯೇ ಸೇರಿಸಬೇಕು ಎಂಬ ನಿಯಮವನ್ನೂ ತಂದಳು. ದೊರೆ ಮಾತ್ರ, "ಅರ್ಜೆಂಟ್ ಬಂದರೆ ನಾನು ಯಾರ ಅಪ್ಪಣೆಗೆ ಕಾಯಲಿ?" ಎಂದು ಜಗಳ ಆಡಿ, ನೇರವಾಗಿ ಪುಶ್ ಮಾಡುವ ವಿನಾಯಿತಿಯನ್ನು ಮೇಡಂ ಕೈಯಿಂದ ಬರೆಸಿಕೊಂಡ. ಅವಳು ಅಡ್ಡ ಬರಲಿಲ್ಲ.

ಅದಾಗಿ ಬಹಳ ದಿನಗಳ ಮೇಲೆ, ಒಂದು ಬೆಳಗ್ಗೆ, ಕಾಫಿ ಲೋಟ ಮೇಜಿನ ಮೇಲಿಟ್ಟು ಮೇನ್ ಅನ್ನು ಪುಲ್ ಮಾಡಿ, ಎಂದರೆ ಸರ್ವರಿನಿಂದ ತನ್ನ ಕಂಪ್ಯೂಟರಿಗೆ ಎಳೆದುಕೊಂಡು, ನೋಡಿದಾಗ ಅವಳ ಕಣ್ಣು ಒಂದು ಸಾಲಿಗೆ ಅಂಟಿಕೊಂಡಿತು. ದೊರೆಯ ಕಮಿಟ್. ಹೆಸರಿನ ಜಾಗದಲ್ಲಿ 'ಟೆಸ್ಟ್, ಅಲಾರಂ ಸದ್ಯಕ್ಕೆ ಆಫ್' ಎಂದಿತ್ತು.

ಆದದ್ದು ಸುಲಭವಾಗಿ ಅರ್ಥವಾಯಿತು. ತನ್ನ ಮೇಜಿನ ಮೇಲಿನ ಸೆನ್ಸರುಗಳನ್ನು ಪರೀಕ್ಷೆ ಮಾಡುವಾಗ ಫೋನು ಕಿವಿ ತೂತು ಮಾಡದಿರಲೆಂದು ಅವನು ಅಲಾರಂ ಬಾಯಿ ಮುಚ್ಚಿಸಿದ್ದ. ತನ್ನ ಬ್ರ್ಯಾಂಚಿನಲ್ಲಿದ್ದೇನೆ ಎಂದುಕೊಂಡಿದ್ದ, ಇದ್ದದ್ದು ಮೇನ್‌ನಲ್ಲಿ. ಕಮಿಟ್ ಮಾಡಿದ, ಪುಶ್ ಮಾಡಿದ. ಬೇರೆ ಯಾರಾಗಿದ್ದರೂ ಸರ್ವರು ಮುಖದ ಮೇಲೆ ಬಾಗಿಲು ಹಾಕುತ್ತಿತ್ತು. ಅವನಿಗೆ ವಿನಾಯಿತಿಯಿತ್ತಲ್ಲ, ಸಲಾಮು ಹೊಡೆದು ಒಳಗೆ ಬಿಟ್ಟಿತು.

ಅವಳು ಮೊದಲು ಮಾಡಿದ ಕೆಲಸ ಸಂಜೆಯ ಬಿಡುಗಡೆಯನ್ನು ನಿಲ್ಲಿಸಿದ್ದು. ಯಾರ ಮೇಲಿನ ಸಿಟ್ಟಿಗೂ ಲಸಿಕೆ ಕೆಡಬಾರದು. ಆಮೇಲೆ ಕಾಫಿ ಕುಡಿಯುತ್ತ ಆ ಸಾಲನ್ನು ಇನ್ನೊಮ್ಮೆ ನೋಡಿದಳು. ದೊರೆಯ ಕಮಿಟ್ ತುದಿಯಲ್ಲಿರಲಿಲ್ಲ. ಅದರ ಮೇಲೆ ಇನ್ನೊಂದು ಬಂದು ಕೂತಿತ್ತು: ಗಡ್ಡದವನದು, ಫ್ರಿಜ್ ಬಾಗಿಲಿನ ಸೆನ್ಸರಿನ ದೋಷ ತಿದ್ದಿದ ಕೆಲಸ. ಪರಿಶೀಲನೆ ಮುಗಿಸಿ, ನಿಯಮದ ಪ್ರಕಾರವೇ, ಸ್ವಲ್ಪ ಹೊತ್ತಿನ ಹಿಂದೆ ಸೇರಿಸಿದ್ದ. ಬೇರೆ ಊರಿನ ಶಾಖಾ ಕಚೇರಿಯಲ್ಲಿ ಕೂತು ಕೆಲಸ ಮಾಡುವ ತಂಡದ ಇಬ್ಬರೂ ಆಗಲೇ ಮೇನ್ ಅನ್ನು ತಮ್ಮ ಕಂಪ್ಯೂಟರಿಗೆ ಎಳೆದುಕೊಂಡು, ಅದರ ಮೇಲೆ ಕೆಲಸ ಶುರು ಮಾಡಿರುವುದಾಗಿ ತಂಡದ ಚಾಟ್‌ನಲ್ಲಿ ಬರೆದಿದ್ದರು.

ದೊರೆ ಬಂದ. ಆ ಬಿಳಿ ಅಂಗಿ ಅವಳ ಮೇಜಿನ ಪಕ್ಕ ಹೀಗೆ ಬಗ್ಗಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ಒಂದು ಸಣ್ಣ ಕೆಲಸ ಆಗಬೇಕಿತ್ತಲ್ಲ," ಎಂದ ಪಿಸುದನಿಯಲ್ಲಿ.

"ಹೇಳಿ."

"ಕಣ್ತಪ್ಪಿನಿಂದ ನನ್ನದೊಂದು ಟೆಸ್ಟ್ ಕಮಿಟ್ ಮೇನ್‌ಗೆ ಹೋಗಿಬಿಟ್ಟಿದೆ. ಒಂದು ಹೆಜ್ಜೆ ಹಿಂದಕ್ಕೆ ರಿಸೆಟ್ ಮಾಡಿ ಫೋರ್ಸ್ ಪುಶ್ ಮಾಡಿದ್ರೆ ಆಯ್ತು. ನೀನು ಆ ಬೀಗ ಎರಡು ನಿಮಿಷ ತೆಗಿ, ಅಷ್ಟೇ."

"ರಿವರ್ಟ್ ಮಾಡಬಹುದಲ್ಲ?"

"ರಿವರ್ಟ್ ಮಾಡಿದ್ರೆ ಇತಿಹಾಸದಲ್ಲಿ ಎರಡೆರಡು ಕಮಿಟ್ ಉಳಿಯುತ್ತೆ. ಹಾಕಿದ್ದು ಒಂದು, ತೆಗೆದಿದ್ದು ಒಂದು. ಯಾಕೆ ಸುಮ್ನೆ ಗಲೀಜು? ರಿಸೆಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗಿರುತ್ತೆ."

ಏನೂ ಆಗೇ ಇಲ್ಲ ಅನ್ನೋ ಹಾಗೆ. ಆ ಮಾತಿಗೆ ಅವಳ ಕಿವಿ ಬಿಸಿಯಾಯಿತು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಬೇರೆ ಯಾರಾದ್ರೂ ಪುಲ್ ಮಾಡಿದ್ರೆ? ಅದರ ಮೇಲೆ ಏನಾದ್ರೂ ಹಾಕಿದ್ರೆ?"

"ಯಾರೂ ಇಲ್ಲ. ನಾನು ನೋಡಿದೀನಿ. ನನ್ನದೇ ಕೊನೇ ಕಮಿಟ್."

ಅವನು ನೋಡಿದ್ದು ತನ್ನ ಕಂಪ್ಯೂಟರಿನಲ್ಲಿದ್ದ ಮೇನ್ ಅನ್ನು. ಪುಶ್ ಮಾಡಿದ ಮೇಲೆ ಸರ್ವರಿನಿಂದ ಮತ್ತೆ ತರಿಸಿಕೊಂಡು ನೋಡಿಯೇ ಇರಲಿಲ್ಲ. ಅವಳ ಪರದೆಯ ಮೇಲೆ, ಅವನ ಮೂಗಿನ ಕೆಳಗೇ, ಗಡ್ಡದವನ ಕಮಿಟ್ ಇತ್ತು. ಅವನ ಕಣ್ಣು ಅವಳ ಮುಖದ ಮೇಲಿತ್ತು. ಅವಳು ಆ ಕಿಟಕಿಯನ್ನು ಮೆಲ್ಲಗೆ ಮುಚ್ಚಿದಳು.

"ಯೋಚನೆ ಮಾಡಿ ಹೇಳ್ತೀನಿ," ಎಂದಳು.

"ಇದರಲ್ಲಿ ಯೋಚನೆ ಏನು? ನಾನು ಲೀಡ್, ನಾನು ಹೇಳ್ತಾ ಇದೀನಿ."

"ಬೀಗ ನನ್ನ ಜವಾಬ್ದಾರಿ. ಬೇಕಾದ್ರೆ ಮೇಡಂ ಅವರನ್ನ ಕೇಳಿ."

ಮೇಡಂ ಊಟದ ಹೊತ್ತಿನವರೆಗೆ ಹೊರಗಿದ್ದರು. ದೊರೆ ಮುಖ ಗಂಟು ಹಾಕಿಕೊಂಡು ಹೋದ.

ಅವಳು ಫೋನ್ ತೆಗೆದುಕೊಂಡು, ಫೋಟೊಕಾಪಿ ಯಂತ್ರ ಇಟ್ಟಿದ್ದ ಮೂಲೆಗೆ ಹೋಗಿ ಅತ್ತೆಗೆ ಫೋನ್ ಮಾಡಿದಳು. ವಿಷಯವನ್ನು ಅವರಿಗೆ ತಿಳಿಯುವಂತೆ ಹೇಳಿದಳು: ಎರಡು ದಾರಿ ಇದೆ. ಒಂದು, ಮಾಡಿದ್ದು ಹಾಗೇ ಇರುತ್ತೆ, ಅದರ ಮುಂದೆ 'ಇದನ್ನು ವಾಪಸು ತೆಗೆದಿದೆ' ಎಂಬ ಇನ್ನೊಂದು ಕಮಿಟ್ ಬರುತ್ತೆ. ಇನ್ನೊಂದು, ಆ ಜಾಗದಿಂದ ಮುಂದಿನದ್ದೆಲ್ಲ ಹರಿದುಹಾಕುವುದು. ಅದರಲ್ಲಿ ಗಡ್ಡದವನ ಕೆಲಸವೂ ಹೋಗುತ್ತೆ.

"ಬೀಗ ತೆಗೆದುಕೊಟ್ಟುಬಿಡ್ಲಾ ಅತ್ತೆ? ಈ ಸಲ ಹರಿದವನು ಯಾರು ಅಂತ ಸರ್ವರಿನಲ್ಲಿ ಅವನ ಹೆಸರಿನ ಸಮೇತ ಇರುತ್ತೆ. ಸಿಕ್ಕಿಹಾಕಿಕೊಳ್ತಾನೆ. ಆ ಗಡ್ಡದವನಿಗೂ ಕಳಕೊಂಡ್ರೆ ಹೇಗಿರುತ್ತೆ ಅಂತ ಗೊತ್ತಾಗುತ್ತೆ."

ಆ ಕಡೆಯಿಂದ ಕುಕ್ಕರಿನ ಸದ್ದು ಬಂತು, ಆಮೇಲೆ ಅತ್ತೆಯ ದನಿ. "ಬೀಗ ತೆಗೆದೋಳು ಯಾರು ಅಂತಾನೂ ಇರುತ್ತಲ್ವೇನೇ?"

"ಇರುತ್ತೆ," ಎಂದಳು ಅವಳು.

"ಮತ್ತೆ? ಅವನ್ನ ಬೀಳಿಸೋಕೆ ನೀನ್ಯಾಕೆ ಗುಂಡಿಗೆ ಇಳೀತೀಯ? ಯಾರಿಗೂ ಗೊತ್ತಾಗದ ಹಾಗೆ ಮಾಡು ಅಂತ ತಾನೇ ಅವನು ಕಾಲು ಹಿಡೀತಿರೋದು? ಎಲ್ಲರಿಗೂ ಗೊತ್ತಾಗೋ ಹಾಗೆ ಮಾಡು. ಫೋನ್ ಇಡು, ಅನ್ನ ತಳ ಹತ್ತುತ್ತೆ."

ಅವಳು ಫೋಟೊಕಾಪಿ ಯಂತ್ರಕ್ಕೆ ಒರಗಿ ಸ್ವಲ್ಪ ಹೊತ್ತು ನಿಂತಳು. ಬೀಗ ತೆಗೆಯುವ ಆಸೆ ಇನ್ನೂ ಬೆರಳ ತುದಿಯಲ್ಲಿ ಜುಮ್ಮೆನ್ನುತ್ತಿತ್ತು. ಗಡ್ಡದವನ ಮೇಲೆ ಅವಳಿಗೆ ಕನಿಕರವೇನೂ ಹುಟ್ಟಲಿಲ್ಲ. ಆದರೆ ಇನ್ನೊಂದು ಸಂಗತಿಯಿತ್ತು. ಸರ್ವರಿನಲ್ಲಿ ಹರಿದು ಹಾಕಿದರೂ, ಶಾಖೆಯ ಇಬ್ಬರ ಕಂಪ್ಯೂಟರಿನಲ್ಲಿ ಆ ಹಾಳು ಕಮಿಟ್ ಜೀವಂತ ಇರುತ್ತದೆ. ಅವರು ನಾಳೆ ಮೇನ್ ಅನ್ನು ಎಳೆದು ತಮ್ಮದರೊಂದಿಗೆ ಬೆರೆಸಿ ಪುಶ್ ಮಾಡಿದರೆ, ಅಲಾರಂ ಬಾಯಿ ಮುಚ್ಚಿಸುವ ಆ ಸಾಲು ಸದ್ದಿಲ್ಲದೆ ಹಿತ್ತಲ ಬಾಗಿಲಿನಿಂದ ಮೇನ್‌ಗೆ ಮತ್ತೆ ಬಂದು ಸೇರುತ್ತದೆ. ಆಗ ಯಾರೂ ಅದನ್ನು ಹುಡುಕುತ್ತಿರುವುದಿಲ್ಲ. ರಿವರ್ಟ್ ಆದರೆ ಹಾಗಲ್ಲ. ಎಲ್ಲರೂ ಎಂದಿನಂತೆ ಪುಲ್ ಮಾಡುತ್ತಾರೆ, ತಿದ್ದುಪಡಿ ತಾನಾಗಿ ಅವರಿಗೂ ತಲುಪುತ್ತದೆ, ಯಾರ ಕೆಲಸವೂ ಹೋಗುವುದಿಲ್ಲ.

ಹಾಗೆ ನೋಡಿದರೆ ರಿವರ್ಟೇ ಸರಿ. ಆದರೆ ಅದು ಸರಿ ಎಂಬುದಕ್ಕಿಂತ, ಅದು ಅವನ ತಪ್ಪನ್ನು ಅವನ ಹೆಸರಿನೊಂದಿಗೆ ಶಾಶ್ವತವಾಗಿ ಅಲ್ಲೇ ಉಳಿಸುತ್ತದೆ ಎನ್ನುವುದೇ ಅವಳಿಗೆ ರುಚಿಸಿತು. ಅದನ್ನು ಅವಳು ತನ್ನಿಂದಲೂ ಮುಚ್ಚಿಡಲಿಲ್ಲ.

ಊಟದ ನಂತರ ಬಿಡುಗಡೆಯ ಮೀಟಿಂಗ್. ಉದ್ದನೆಯ ಮೇಜು, ಗೋಡೆಗೆ ದೊಡ್ಡ ಪರದೆ, ಏಸಿಯ ತಣ್ಣನೆಯ ಗಾಳಿ ನೇರವಾಗಿ ಬೀಳುವ ಒಂದು ಕುರ್ಚಿ. ಅದರಲ್ಲಿ ಯಾವಾಗಲೂ ಕೊನೆಗೆ ಬಂದವರು ಕೂರಬೇಕು. ಅಂದು ಅಲ್ಲಿ ಕೂತದ್ದು ಗಡ್ಡದವನು. ಶಾಖೆಯ ಇಬ್ಬರು ಪರದೆಯ ಮೂಲೆಯಲ್ಲಿ ಪುಟ್ಟ ಮುಖಗಳಾಗಿ ಕಾಣುತ್ತಿದ್ದರು. ಮೇಡಂ ಕನ್ನಡಕ ಏರಿಸಿಕೊಂಡು, "ಇವತ್ತಿನ ಬಿಡುಗಡೆ ಯಾಕೆ ನಿಂತಿದೆ?" ಎಂದರು.

ಅವಳು ಬಾಯಿ ತೆರೆಯುವ ಮೊದಲೇ ದೊರೆ ಮುಂದೆ ಬಾಗಿದ. "ಅಂಥದ್ದೇನಿಲ್ಲ ಮೇಡಂ. ಮೇನ್‌ನಲ್ಲಿ ಒಂದು ಟೆಸ್ಟ್ ಕಮಿಟ್ ಸೇರಿಕೊಂಡಿದೆ. ಸ್ವಲ್ಪ ಶುಚಿ ಮಾಡಬೇಕು. ಬೀಗ ತೆಗೆಸಿಕೊಟ್ರೆ ನಾನೇ ರಿಸೆಟ್ ಮಾಡ್ತೀನಿ, ಎರಡು ನಿಮಿಷದ ಕೆಲಸ."

"ಯಾರದು ಕಮಿಟ್?"

"ಅದು... ನಮ್ಮ ತಂಡದ್ದೇ."

ಮೇಡಂ ಅವಳ ಕಡೆ ತಿರುಗಿದರು. "ಉಸ್ತುವಾರಿ ನಿಮ್ಮದು. ಏನು ಹೇಳ್ತೀರಿ?"

ಅವಳು ನಿಧಾನವಾಗಿ, ದನಿ ಏರಿಸದೆ ಕೇಳಿದಳು: "ಬೀಗ ತೆಗೀತೀನಿ ಮೇಡಂ. ಅದಕ್ಕೆ ಮೊದಲು ಲೀಡ್ ಅವರು ಒಂದು ಮಾತು ಎಲ್ಲರ ಮುಂದೆ ಹೇಳಲಿ. ಆ ಕಮಿಟ್ ಮೇಲೆ ಬೇರೆ ಯಾರ ಕೆಲಸವೂ ಇಲ್ಲ ತಾನೇ?"

"ಬೆಳಗ್ಗೇನೇ ಹೇಳಿದೆನಲ್ಲ. ಇಲ್ಲ."

"ಸರಿಯಾಗಿ ನೋಡಿದ್ದೀರಾ?"

"ಎಷ್ಟು ಸಲ ಹೇಳಬೇಕು? ನೋಡಿದೀನಿ. ನನ್ನದೇ ಕೊನೇದು."

"ಓ, ನಿಮ್ಮದಾ?" ಎಂದರು ಮೇಡಂ.

ಶಾಖೆಯ ಮುಖಗಳಲ್ಲೊಂದು ಕಿಸಕ್ಕೆಂದಿತು. ಅಷ್ಟರಲ್ಲಿ ಅವಳು ಪರದೆಯ ಮೇಲೆ ಸರ್ವರಿನ ಮೇನ್ ಅನ್ನು ತೆರೆದಾಗಿತ್ತು. ಕೆಳಗೆ ದೊರೆಯ ಹೆಸರು, ಅದರ ಮೇಲೆ ಗಡ್ಡದವನ ಹೆಸರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಡ್ಡದವನು ಏಸಿಯ ಗಾಳಿಯಲ್ಲೂ ಬೆವರಿದ. "ಅದು ನಂದು," ಎಂದ. "ಬಾಗಿಲಿನ ಸೆನ್ಸರಿಂದು. ಅದು ಹೋಗಿಬಿಡ್ತಿತ್ತು."

"ನಾವಿಬ್ರೂ ಬೆಳಗ್ಗೇನೇ ಪುಲ್ ಮಾಡಿದೀವಿ," ಎಂದಿತು ಪರದೆಯ ಒಂದು ಮುಖ. "ರಿಸೆಟ್ ಮಾಡಿದ್ರೆ ನಮ್ಮ ಕಡೆ ಎಲ್ಲಾ ಎಡವಟ್ಟಾಗುತ್ತೆ."

ದೊರೆ ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಅವಳತ್ತ ತಿರುಗಿದ. "ನಿನಗೆ ಬೆಳಗ್ಗೇನೇ ಗೊತ್ತಿತ್ತು."

"ಗೊತ್ತಿತ್ತು. ನಾನು ಕೇಳಿದೆ, ನೀವು ನೋಡಿದೀನಿ ಅಂದ್ರಿ."

"ಹೇಳಬಹುದಿತ್ತಲ್ಲ!"

"ಹೇಳಬಹುದಿತ್ತು," ಎಂದಳು ಅವಳು. "ನೀವೂ ಆವತ್ತು ಹೇಳಬಹುದಿತ್ತು."

ಮೇಡಂ ಪೆನ್ನು ಕೆಳಗಿಟ್ಟರು. "ಯಾವತ್ತು?"

ಅವಳು ತಿರುಗಿ ಗಡ್ಡದವನ ಮುಖವನ್ನು ನೋಡಿದಳು. ಕಣ್ಣರೆಪ್ಪೆ ಮಿಟುಕಿಸದೆ ನೋಡಿದಳು. ಅವನು ಮೇಜಿನ ಕಡೆ ನೋಡಿದ, ನೀರಿನ ಬಾಟಲಿ ಕಡೆ ನೋಡಿದ, ಹೋಗಲು ಬೇರೆ ಜಾಗ ಕಾಣದೆ ಕೊನೆಗೆ ಮಾತಾಡಿದ. ಗಿರಾಕಿಯ ಮುಂದೆ ಅಲಾರಂ ಹೊಡೆಯದ ದಿನದ ಕಥೆಯನ್ನೆಲ್ಲ ಹೇಳಿದ. ಮೇನ್‌ನಲ್ಲಿ ಅಕ್ಕನ ಕಮಿಟ್‌ಗಳು ಇದ್ದದ್ದು, ದೊರೆ ಹಿಂದಕ್ಕೆ ರಿಸೆಟ್ ಮಾಡಿದ್ದು, ತಾನು ಕಂಡೂ ಬಾಯಿಗೆ ಬೀಗ ಹಾಕಿಕೊಂಡದ್ದು.

"ಸುಳ್ಳು," ಎಂದ ದೊರೆ. "ಪುರಾವೆ ಎಲ್ಲಿದೆ?"

"ಪುರಾವೆ ಇಲ್ಲ," ಎಂದಳು ಅವಳು. "ಇರೋದು ಇವತ್ತಿಂದು ಮಾತ್ರ. ಇವತ್ತು ನೀವು ಮಾಡೋಕೆ ಹೊರಟಿದ್ದೇ ಅದು. ಅದೇ ತಪ್ಪು, ಅದೇ ರಿಸೆಟ್, ಅದೇ 'ನನ್ನದೇ ಕೊನೇದು'. ಬೀಗ ಇರದಿದ್ರೆ ಇಷ್ಟು ಹೊತ್ತಿಗೆ ಇವನ ಕೆಲಸ ಹೋಗಿರ್ತಿತ್ತು. ಸಂಜೆ ನೀವು ಇವನನ್ನ ಕೂರಿಸಿಕೊಂಡು, ಪುಶ್ ಮಾಡೋದು ಹೇಗೆ ಅಂತ ಪಾಠ ಹೇಳ್ತಿದ್ರಿ."

ಯಾರೂ ನಗಲಿಲ್ಲ. ಮೇಡಂ ದೊರೆಯನ್ನೇ ದಿಟ್ಟಿಸಿ ಕೇಳಿದರು: "ಆವತ್ತು ರಿಸೆಟ್ ಮಾಡಿದ್ರಾ, ಇಲ್ವಾ? ಒಂದೇ ಮಾತು ಹೇಳಿ."

ದೊರೆ ಅಂಗಿಯ ಕಾಲರು ಸಡಿಲಿಸಿಕೊಂಡ. "ಇವರ ಕೆಲಸ ಮೇಲಿದೆ ಅಂತ ಆಗ ಗೊತ್ತಿರಲಿಲ್ಲ," ಎಂದ.

ಆ ಮಾತಿನಲ್ಲಿ ಬೇಕಾದ್ದೆಲ್ಲ ಇತ್ತು. ಆಗ ಗೊತ್ತಿರಲಿಲ್ಲ ಎಂದರೆ, ಆಮೇಲೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಅವಳನ್ನು ಖಾಲಿ ಕುರ್ಚಿಯಲ್ಲಿ ಕೂರಿಸಿ, ಪರದೆ ಎಳೆದು ತೋರಿಸಿ, 'ತಾಯಿ' ಎಂದಿದ್ದ. ಕೋಣೆಯಲ್ಲಿದ್ದವರೆಲ್ಲ ಅದನ್ನು ಒಟ್ಟಿಗೇ ಲೆಕ್ಕ ಹಾಕಿಕೊಂಡದ್ದು ಅವಳಿಗೆ ಕಂಡಿತು. ಎಷ್ಟೋ ವರ್ಷ ಹೊಟ್ಟೆಯಲ್ಲಿ ಹೊತ್ತಿದ್ದ ಕೆಂಡ ಈಗ ಸಿಹಿಯಾಗಿ ಮೈಯೆಲ್ಲ ಹರಡಿತು.

"ಈಗ ರಿವರ್ಟ್ ಮಾಡಬೇಕು," ಎಂದಳು. "ಲೀಡ್ ಅವರೇ ಮಾಡಲಿ. ಇಲ್ಲೇ."

"ನೀನೇ ಮಾಡು," ಎಂದ ಅವನು.

"ನಿಮ್ಮ ಕಮಿಟ್, ನಿಮ್ಮ ಕೈ."

ಮೇಡಂ ತಲೆಯಾಡಿಸಿದರು. ಅವನು ಲ್ಯಾಪ್‌ಟಾಪನ್ನು ಪರದೆಗೆ ಜೋಡಿಸಿ, ಮೊದಲು ಪುಲ್ ಮಾಡಿ, ಒಂದು ಹೊಸ ಬ್ರ್ಯಾಂಚ್ ತೆಗೆದು, ತನ್ನ ಕಮಿಟ್‌ನ ಗುರುತಿನ ಸಂಖ್ಯೆ ಕೊಟ್ಟು ರಿವರ್ಟ್ ಮಾಡಿದ. ಗಡ್ಡದವನ ಕೆಲಸಕ್ಕೂ ಇದಕ್ಕೂ ಒಂದೂ ಸಾಲು ತಾಕುತ್ತಿರಲಿಲ್ಲವಾದ್ದರಿಂದ ಸಲೀಸಾಗಿ ಆಯಿತು. ಕಾರಣ ಬರೆಯುವ ಜಾಗ ತೆರೆದುಕೊಂಡಿತು. ಗಿಟ್ ತಾನಾಗಿ ಬರೆದಿದ್ದ ಸಾಲೊಂದು ಅಲ್ಲಿತ್ತು. ಅವನು ಅದನ್ನೇ ಉಳಿಸಿ ಮುಚ್ಚಲು ಹೋದ.

"ಕಾರಣ ಬರೀರಿ," ಎಂದಳು ಅವಳು. "'ಅಲಾರಂ ನಿಲ್ಲಿಸುವ ಟೆಸ್ಟ್ ಬದಲಾವಣೆಯನ್ನು ತಪ್ಪಿನಿಂದ ನೇರವಾಗಿ ಮೇನ್‌ಗೆ ಪುಶ್ ಮಾಡಿದ್ದೆ, ಆದ್ದರಿಂದ ವಾಪಸು ತೆಗೆಯುತ್ತಿದ್ದೇನೆ. ಇತರರ ಕೆಲಸ ಇದರ ಮೇಲಿರುವುದರಿಂದ ರಿಸೆಟ್ ಮಾಡಿಲ್ಲ.' ಬರೀರಿ."

ಅವನು ಬರೆದ. ಬರೆಯುವಾಗ ಅಕ್ಷರ ತಪ್ಪಿದವು, ಅಳಿಸಿ ಬರೆದ. ಎಲ್ಲರೂ ನೋಡುತ್ತಿದ್ದರು. ಪರಿಶೀಲನೆಗೆ ಯಾರ ಹೆಸರು ಹಾಕಬೇಕೆಂಬ ಪ್ರಶ್ನೆ ಬಂದಾಗ ಅವಳು "ನನ್ನದು ಹಾಕಿ" ಎಂದಳು. ಅವನು ಕಳಿಸಿದ್ದನ್ನು ಒಂದೊಂದೇ ಸಾಲು ಓದಿದಳು, ಬೇಕೆಂದೇ ನಿಧಾನವಾಗಿ ಓದಿದಳು, ಆಮೇಲೆ ಒಪ್ಪಿಗೆ ಕೊಟ್ಟು ಮೇನ್‌ಗೆ ಸೇರಿಸಿದಳು. ಪರೀಕ್ಷೆಯ ಫ್ರಿಜ್ಜಿನ ಬಾಗಿಲು ತೆರೆದು ನೋಡಿದರು; ಅಲಾರಂ ಕೋಣೆ ಕಿತ್ತುಹೋಗುವಂತೆ ಕಿರುಚಿತು. ಬಿಡುಗಡೆ ಮತ್ತೆ ಶುರುವಾಯಿತು.

ದೊರೆಯ ವಿನಾಯಿತಿಯನ್ನು ಮೇಡಂ ಅಲ್ಲೇ ಕಿತ್ತುಕೊಂಡರು. ಲೀಡ್ ಪಟ್ಟ ಹೋದದ್ದು ಕೆಲವು ವಾರಗಳ ಮೇಲೆ, ಮೇಲಿನವರ ವಿಚಾರಣೆ ಮುಗಿದ ನಂತರ. ಅದು ಅವಳಿಗೇ ಬಂತು.

ಆ ನಡುವೆ ಒಂದು ದಿನ ಅವನು ಕಾಫಿ ಯಂತ್ರದ ಹತ್ತಿರ ಅವಳನ್ನು ತಡೆದು ನಿಲ್ಲಿಸಿದ. "ತಪ್ಪಾಯ್ತು ಅಂತ ಹೇಳ್ತಾ ಇದೀನಿ. ಇನ್ನೂ ಎಷ್ಟು ದಿನ? ನನಗೂ ಹೆಂಡತಿ ಮಕ್ಕಳಿದ್ದಾರೆ."

"ನನಗೂ ಅತ್ತೆ ಇದ್ದಾರೆ," ಎಂದು ಅವಳು ಲೋಟ ತುಂಬಿಸಿಕೊಂಡು ಹೋದಳು.

ಗಡ್ಡದವನು ತನ್ನ ಮಾತಿನಿಂದ ಹಳೆಯದು ತೊಳೆದುಹೋಯಿತು ಎಂದುಕೊಂಡಿದ್ದ. ಮೆಟ್ಟಿಲ ಮೇಲೆ ಸಿಕ್ಕಾಗ "ಈಗ ಸರಿ ಹೋಯ್ತಲ್ಲ ಅಕ್ಕಾ?" ಎಂದ. "ನಿನ್ನ ಕಮಿಟ್ ಹೋಗೋ ಹೊತ್ತಿಗೆ ನಿನಗೆ ಬಾಯಿ ಬಂತು," ಎಂದಳು ಅವಳು. ಅವನು ಎರಡು ಮೆಟ್ಟಿಲು ಹಿಂದೆ ಉಳಿದ. ಅವಳನ್ನು ಕಂಡರೆ ತಂಡದವರು ಈಗ ಸ್ವಲ್ಪ ದೂರ ಸರಿದೇ ಮಾತಾಡುತ್ತಾರೆ. ಹರಟೆಯ ನಡುವೆ ಅವಳು ಬಂದರೆ ಮಾತು ನಿಲ್ಲುತ್ತದೆ. ಅದು ಅವಳಿಗೆ ತಿಳಿಯದ ಸಂಗತಿಯೇನಲ್ಲ. ಪುಶ್ಶಕ್ಕ ಎಂದು ಮಾತ್ರ ಯಾರೂ ಕರೆಯುವುದಿಲ್ಲ.

ಒಂದು ಭಾನುವಾರ ಅತ್ತೆ, "ಅದೇನೋ ಅವನ ಹೆಸರು ಉಳಿದಿದೆ ಅಂದ್ಯಲ್ಲ, ತೋರಿಸು ನೋಡೋಣ," ಎಂದರು. ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಚರಿತ್ರೆಯಲ್ಲಿ ಹಿಂದಕ್ಕೆ ಹೋಗಿ ಎರಡು ಸಾಲುಗಳನ್ನು ತೋರಿಸಿದಳು. ಹಾಕಿದ್ದು ಒಂದು, ತೆಗೆದದ್ದು ಒಂದು. ಎರಡರ ಮುಂದೆಯೂ ಒಂದೇ ಹೆಸರು. ಅತ್ತೆ ಕನ್ನಡಕ ಒರೆಸಿಕೊಂಡು ಹತ್ತಿರದಿಂದ ಓದಿದರು, ಕಾರಣ ಬರೆದದ್ದನ್ನು ಬಾಯಿಬಿಟ್ಟು ಓದಿಸಿಕೊಂಡರು.

"ಇದನ್ನ ಯಾರೂ ತೆಗೆಯೋಕಾಗಲ್ವಾ?"

"ಬೀಗ ತೆಗೆದ್ರೆ ಆಗುತ್ತೆ. ಕೀಲಿ ನನ್ನ ಹತ್ರ ಇದೆ."

"ಹಾಗಾದ್ರೆ ಇರಲಿ," ಎಂದು ಅತ್ತೆ ಎದ್ದು ಒಲೆಯ ಕಡೆ ಹೋದರು. ರಜೆಯಲ್ಲಿ ಮನೆಗೆ ಬಂದಿದ್ದ ಗಂಡ ಇಬ್ಬರನ್ನೂ ಬಾಗಿಲಲ್ಲೇ ನಿಂತು ನೋಡಿ, "ನಿಮ್ಮಿಬ್ಬರ ಜೊತೆ ಜಗಳ ಆಡಬಾರದಪ್ಪ," ಎಂದ.

ದೊರೆ ಮುಂದಿನ ಮಳೆಗಾಲಕ್ಕೆ ಬೇರೆ ಕಂಪನಿಗೆ ಹೊರಟ. ಕೊನೆಯ ದಿನ ಕೇಕು ತಂದಿದ್ದರು. ಎಲ್ಲರೂ ಸಹಿ ಹಾಕಿ ಶುಭ ಕೋರುವ ದೊಡ್ಡ ಕಾರ್ಡೊಂದು ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು. ಅವಳ ಹತ್ತಿರ ಬಂದಾಗ ಪೆನ್ನೂ ಜೊತೆಗಿತ್ತು. ಅವಳು ಕಾರ್ಡನ್ನು ಬಿಡಿಸಿ, ಯಾರು ಯಾರು ಏನೇನು ಬರೆದಿದ್ದಾರೆ ಎಂದು ಪೂರ್ತಿ ಓದಿದಳು. ಗಡ್ಡದವನು ತುಂಬ ಉದ್ದವಾಗಿ ಬರೆದಿದ್ದ. ಮಧ್ಯದಲ್ಲಿ, ಲೀಡ್ ಬರೆಯಲೆಂದು, ಅಗಲವಾದ ಜಾಗ ಬಿಟ್ಟಿದ್ದರು. ಅವಳು ಪೆನ್ನಿನ ಮುಚ್ಚಳ ಹಾಕಿ, ಕಾರ್ಡನ್ನು ಮಡಚಿ, ಪಕ್ಕದ ಮೇಜಿಗೆ ದಾಟಿಸಿ, ನಿಲ್ಲಿಸಿದ್ದ ಕೆಲಸಕ್ಕೆ ಮರಳಿದಳು.